ವಯಸ್ಸಾದವರ ನಿದ್ದೆ ಮಾತ್ರೆ: ಕಾಲು ಕಾಲಾಗಿ ಬಿಡಿಸುವ ಬಗೆ

ನನ್ನ ಕ್ಲಿನಿಕ್ಕಿಗೆ ಬರುವ ಅಜ್ಜಿಯೊಬ್ಬರು ಬೆಂಗಳೂರಿನ ಮಗನ ಮನೆಗೆ ಹೋದರು. ಬ್ಯಾಗಿನಲ್ಲಿ ಬಿಪಿ ಮಾತ್ರೆ ಇತ್ತು, ಶುಗರ್ ಮಾತ್ರೆ ಇತ್ತು. ನಿದ್ದೆ ಮಾತ್ರೆಯ ಸ್ಟ್ರಿಪ್ ಮಾತ್ರ ಊರಲ್ಲೇ ಉಳಿದಿತ್ತು. "ಒಳ್ಳೇದೇ ಆಯ್ತು ಬಿಡಮ್ಮ, ಇದೇ ನೆಪದಲ್ಲಿ ಬಿಟ್ಟುಬಿಡು" ಅಂದ ಮಗ. ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. ಎರಡನೇ ದಿನ ಕೈ ನಡುಗಿತು, ಸುಮ್ಮಸುಮ್ಮನೆ ಬೆವರಿತು. ಮೂರನೇ ರಾತ್ರಿ, ತೀರಿಹೋದ ಯಜಮಾನರು ಬಾಗಿಲಲ್ಲಿ ನಿಂತಿದ್ದಾರೆ ಅಂತ ಎದ್ದು ಹೊರಟರು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ನಿದ್ದೆ ಮಾತ್ರೆಯ ವಿಷಯ ಯಾರೂ ಕೇಳಲಿಲ್ಲ, ಮನೆಯವರಿಗೆ ಹೇಳಬೇಕು ಅಂತಲೂ ಹೊಳೆಯಲಿಲ್ಲ. ನನಗೆ ಫೋನ್ ಬಂದದ್ದು ಐದನೇ ದಿನ. ಆ ಮಾತ್ರೆ ಬರೆದುಕೊಟ್ಟವನು ನಾನೇ.

ಆಮೇಲೆ ಈ ಮಾತ್ರೆಗಳನ್ನು ಬಿಡಿಸುವ ಕೆಲಸವನ್ನು ನಾನು ಬೇರೆ ಥರ ಮಾಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಜೆಪಾಮ್ ಎಲ್ಲ ಒಂದೇ ಬಳಗದವು. ಬೆಂಜೊಡಯಜೆಪೀನ್ ಅಂತ ಬಳಗದ ಹೆಸರು. ನಮ್ಮ ಕಡೆ ಜಾಸ್ತಿ ಓಡಾಡುವುದು ಮೊದಲಿನ ಎರಡು. ಈ ಲೇಖನ 65 ದಾಟಿದ, ರಾತ್ರಿ ಒಂದು ಸಣ್ಣ ಮಾತ್ರೆ ವರ್ಷಗಟ್ಟಲೆ ನುಂಗುತ್ತಿರುವವರಿಗೆ ಮತ್ತು ಅವರ ಮನೆಯವರಿಗೆ. ಓದಿ ನೀವೇ ಶುರು ಮಾಡಬೇಡಿ. ಚೀಟಿ ಬರೆಯುವ ವೈದ್ಯರ ಮುಂದೆ ಇಟ್ಟು, ಕೂತು ಮಾತಾಡಿ.

ಅರ್ಧ ಮಿಲಿಗ್ರಾಂ ಅಷ್ಟೇ ಅಲ್ವಾ?

ಎಲ್ಲರೂ ಕೇಳುವುದು ಇದನ್ನೇ. ಮಾತ್ರೆ ಕಡ್ಲೆಬೇಳೆಗಿಂತ ಚಿಕ್ಕದು, ನಿಜ. ಆದರೆ ಆಲ್ಪ್ರಜೋಲಾಮ್ ಹರೆಯದವರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಬೇಕು. ವಯಸ್ಸಾದವರಲ್ಲಿ ಸುಮಾರು 16 ಗಂಟೆ. ಅಂದರೆ ರಾತ್ರಿ 10ಕ್ಕೆ ನುಂಗಿದ ಮಾತ್ರೆ ಮರುದಿನ ಮಧ್ಯಾಹ್ನ 2ಕ್ಕೂ ಅರ್ಧ ಒಳಗೇ ಇರುತ್ತದೆ. ಅಷ್ಟರಲ್ಲಿ ಮತ್ತೆ ರಾತ್ರಿ, ಮತ್ತೊಂದು ಮಾತ್ರೆ. ಕ್ಲೋನಜೆಪಾಮ್ ಇನ್ನೂ ನಿಧಾನ, ಅರ್ಧಕ್ಕೆ ಇಳಿಯಲು ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಬೆಳಿಗ್ಗೆ ಎದ್ದಾಗ ಜೋಲಿ ಹೊಡೆಯುವುದು, ಹೇಳಿದ್ದನ್ನೇ ಹೇಳುವುದು, ರಾತ್ರಿ ಮೂತ್ರಕ್ಕೆ ಎದ್ದವರು ಬಚ್ಚಲಲ್ಲಿ ಬೀಳುವುದು, ಇವನ್ನೆಲ್ಲ ನಾವು "ವಯಸ್ಸಾಯ್ತು" ಅನ್ನುವ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಬಿದ್ದು ಸೊಂಟದ ಮೂಳೆ ಮುರಿದರೆ ಆಮೇಲೆ ಆ ಮನುಷ್ಯ ಮೊದಲಿನ ಹಾಗೆ ಓಡಾಡುವುದು ಕಷ್ಟ. ಅಮೆರಿಕದ ವೃದ್ಧರ ವೈದ್ಯರ ಸಂಘದ 'ಬೀರ್ಸ್' ಪಟ್ಟಿಯಲ್ಲಿ, 65 ದಾಟಿದವರಿಗೆ ಆದಷ್ಟು ಕೊಡಬಾರದ ಔಷಧಗಳ ಸಾಲಿನಲ್ಲಿ ಈ ಬಳಗ ಇರುವುದು ಇದಕ್ಕೇ.

ಹಾಗಾದರೆ ನಿಲ್ಲಿಸಿಬಿಡಬಹುದಲ್ಲ? ಅಲ್ಲೇ ಇರುವುದು ತೊಡಕು. ಮಿದುಳಿನಲ್ಲಿ ಗಾಬಾ ಅನ್ನುವ, ಸಮಾಧಾನ ಮಾಡುವ ರಾಸಾಯನಿಕ ಇದೆ. ಗಾಡಿಯ ಬ್ರೇಕ್ ಇದ್ದ ಹಾಗೆ. ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿಯುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಮಿದುಳು ತನ್ನ ಬ್ರೇಕನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಒಂದು ದಿನ ಮಾತ್ರೆ ಇಲ್ಲ ಅಂದಾಗ ಉಳಿಯುವುದು ಸಡಿಲ ಬ್ರೇಕ್ ಮಾತ್ರ. ನಿದ್ದೆ ಹೋಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಬುದ್ಧಿ ಕಲಸಿಹೋಗುತ್ತದೆ. ಆ ಬ್ರೇಕ್ ಮತ್ತೆ ಬಿಗಿಯಾಗಲು ವಾರಗಳು ಬೇಕು. ಅಷ್ಟು ಸಮಯ ಕೊಡುವುದೇ ನಿಧಾನವಾಗಿ ಇಳಿಸುವುದರ ಅರ್ಥ.

ಮೊದಲು ಚೀಲ ಸುರಿಯಿರಿ

ಶುರು ಮಾಡುವ ದಿನ ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಬರಲು ಹೇಳುತ್ತೇನೆ. ಮೇಜಿನ ಮೇಲೆ ಸುರಿದು ಒಂದೊಂದರ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ಯಾಕೆಂದರೆ ಈ ಬಳಗದ ಔಷಧ ಬೇರೆ ವೇಷದಲ್ಲೂ ಬರುತ್ತದೆ. ಗ್ಯಾಸ್, ಹೊಟ್ಟೆ ಹಿಂಡುವುದಕ್ಕೆ ಕೊಡುವ ಕೆಲವು ಮಾತ್ರೆಗಳಲ್ಲಿ ಕ್ಲೋರ್ಡಯಜೆಪಾಕ್ಸೈಡ್ ಇರುತ್ತದೆ. ಖಿನ್ನತೆಗೆ ಕೊಡುವ ಎಸಿಟಾಲೊಪ್ರಾಮ್ ಜೊತೆ ಕ್ಲೋನಜೆಪಾಮ್ ಸೇರಿಸಿದ ಮಾತ್ರೆ ನಮ್ಮ ದೇಶದಲ್ಲಿ ಧಾರಾಳವಾಗಿ ಸಿಗುತ್ತದೆ. ಎದೆಬಡಿತ ತಗ್ಗಿಸುವ ಪ್ರೊಪ್ರನಲಾಲ್ ಜೊತೆಗೂ ಇದೆ. ರಾತ್ರಿಯದನ್ನು ಮಾತ್ರ ಇಳಿಸುತ್ತಾ ಹೋದರೆ, ಇತ್ತ ಹೊಟ್ಟೆ ಮಾತ್ರೆಯ ರೂಪದಲ್ಲಿ ಅದೇ ಒಳಗೆ ಹೋಗುತ್ತಿರುತ್ತದೆ.

ಸೇರಿಸಿದ ಮಾತ್ರೆ ಇದ್ದರೆ ಅದನ್ನೇ ಕತ್ತರಿಸಿ ಇಳಿಸಬೇಡಿ. ಎಸಿಟಾಲೊಪ್ರಾಮ್ ಕೂಡ ಅರ್ಧ ಆಗಿಬಿಡುತ್ತದೆ, ಆಗ ಬರುವ ತೊಂದರೆ ಯಾವುದರಿಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಳ್ಳಿ, ಆಮೇಲೆ ಕ್ಲೋನಜೆಪಾಮ್ ಮಾತ್ರ ಇಳಿಸಿ.

ಇನ್ನು, ಮನೆಯಲ್ಲಿ ಕೂತು ಇಳಿಸಲೇಬಾರದವರು ಕೆಲವರಿದ್ದಾರೆ. ಫಿಟ್ಸ್ ಇರುವವರು ಅಥವಾ ಹಿಂದೆ ಮಾತ್ರೆ ಬಿಟ್ಟಾಗ ಫಿಟ್ಸ್ ಬಂದವರು, ದಿನವೂ ಕುಡಿಯುವವರು, ದಿನಕ್ಕೆ ನಾಲ್ಕಾರು ಮಾತ್ರೆ ನುಂಗುವವರು, ದೊಡ್ಡ ಮನೋರೋಗಕ್ಕೆ ಚಿಕಿತ್ಸೆಯಲ್ಲಿರುವವರು. ಕನಸಿನಲ್ಲಿ ಒದೆಯುವ, ಕೂಗಾಡುವ ಕಾಯಿಲೆಗೆಂದೇ ಕ್ಲೋನಜೆಪಾಮ್ ಕೊಟ್ಟಿರುತ್ತಾರೆ, ಅದರ ಲೆಕ್ಕವೇ ಬೇರೆ. ಇವರೆಲ್ಲ ಮನೋವೈದ್ಯರ ಅಥವಾ ನರರೋಗ ತಜ್ಞರ ಹತ್ತಿರವೇ ಹೋಗಬೇಕು.

ಇಳಿಸುವ ಪಟ್ಟಿ

ಒಂದು ನಿಜವಾದ ಲೆಕ್ಕವನ್ನೇ ಹಿಡಿಯೋಣ. ಅವರನ್ನು ಸರೋಜಮ್ಮ ಅಂತ ಕರೆಯುತ್ತೇನೆ, ನಿಜವಾದ ಹೆಸರು ಅದಲ್ಲ. ವಯಸ್ಸು 72. ಯಜಮಾನರು ಹೋದ ವಾರ ಯಾರೋ ಕೊಟ್ಟ ಆಲ್ಪ್ರಜೋಲಾಮ್ 0.5 ಮಿಲಿಗ್ರಾಂ, ಒಂಬತ್ತು ವರ್ಷದಿಂದ ರಾತ್ರಿ ಒಂದು. ಚೀಲ ಸುರಿದಾಗ ಹೊಟ್ಟೆ ಮಾತ್ರೆಯೂ ಸಿಕ್ಕಿತು. ಅದು ತಿಂಗಳಿಗೆ ಒಂದೋ ಎರಡೋ, ಮದುವೆ ಊಟದ ಮರುದಿನ. ಹಾಗಾಗಿ ಅದನ್ನು ಅಲ್ಲೇ ನಿಲ್ಲಿಸಿದೆವು. ದಿನವೂ ತಗೊಳ್ಳುತ್ತಿದ್ದರೆ ಹಾಗೆ ನಿಲ್ಲಿಸಲು ಬರುತ್ತಿರಲಿಲ್ಲ.

ಮೊದಲ ಕೆಲಸ, 0.5ರ ಒಂದು ಮಾತ್ರೆಯ ಬದಲು 0.25ರ ಎರಡು ಮಾತ್ರೆ ಬರೆಯುವುದು. ಔಷಧ ಅಷ್ಟೇ, ಆದರೆ ಈಗ ಕತ್ತರಿಸಲು ಬರುತ್ತದೆ. ಒಂದು ವಾರ ಏನೂ ಇಳಿಸದೆ ಹೀಗೇ ಬಿಟ್ಟೆ. ಆ ವಾರ ಒಂದು ನೋಟ್‌ಬುಕ್ಕಿನಲ್ಲಿ ಮೂರೇ ಸಂಗತಿ ಬರೆಯಲು ಹೇಳಿದೆ: ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಹಗಲು ತೂಕಡಿಸಿದೆನಾ. ಆಮೇಲೆ ಪಟ್ಟಿ ಹೀಗೆ. ಎಲ್ಲವೂ 0.25ರ ಮಾತ್ರೆಯ ಲೆಕ್ಕ.

| ಮೆಟ್ಟಿಲು | ರಾತ್ರಿ ಎಷ್ಟು | ಎಷ್ಟು ವಾರ |
|---|---|---|
| ಶುರು | ಎರಡು | 1 |
| 1 | ಒಂದೂಮುಕ್ಕಾಲು | 2 |
| 2 | ಒಂದೂವರೆ | 2 |
| 3 | ಒಂದೂಕಾಲು | 2 |
| 4 | ಒಂದು | 3 |
| 5 | ಮುಕ್ಕಾಲು | 3 |
| 6 | ಅರ್ಧ | 3 |
| 7 | ಕಾಲು | 4 |
| 8 | ಇಲ್ಲ | – |

ಪಟ್ಟಿಯ ಪ್ರಕಾರ ಇಳಿಸಲು 19 ವಾರ, ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ತಿಂಗಳು. ಕೆನಡಾದ 2018ರ ಮಾರ್ಗಸೂಚಿ ಎರಡು ವಾರಕ್ಕೊಮ್ಮೆ ಕಾಲು ಭಾಗ ಇಳಿಸಿ, ಕೊನೆಯಲ್ಲಿ ಅದರ ಅರ್ಧದಷ್ಟು ಇಳಿಸಿ ಅನ್ನುತ್ತದೆ. 2025ರಲ್ಲಿ ಬಂದ ಅಮೆರಿಕದ ಮಾರ್ಗಸೂಚಿ ಇನ್ನೂ ನಿಧಾನಕ್ಕೆ ಅನ್ನುತ್ತದೆ: ಎರಡರಿಂದ ನಾಲ್ಕು ವಾರಕ್ಕೆ ನೂರಕ್ಕೆ 5ರಿಂದ 10ರಷ್ಟು, ಏನೇ ಆದರೂ ಎರಡು ವಾರದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ನಮ್ಮ ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲಿ ನೂರಕ್ಕೆ ಐದು ಕತ್ತರಿಸಲು ಯಾರಿಂದಲೂ ಆಗದು. ಹಾಗಾಗಿ ನಾನು ಕೈಗೆ ಎಟಕುವ ಅತಿ ಸಣ್ಣ ತುಂಡು, ಕಾಲು ಮಾತ್ರೆ, ಹಿಡಿದುಕೊಂಡಿದ್ದೇನೆ.

ಪಟ್ಟಿ ನೋಡಿದರೆ ಕೊನೆಕೊನೆಗೆ ವಾರಗಳು ಜಾಸ್ತಿ ಆಗುತ್ತವೆ. ಅದು ಬೇಕಂತಲೇ. ಪ್ರತಿ ಸಲ ತೆಗೆಯುವುದು ಕಾಲು ಮಾತ್ರೆಯೇ ಆದರೂ, ಎರಡರಲ್ಲಿ ಕಾಲು ತೆಗೆದರೆ ಎಂಟನೇ ಒಂದು ಪಾಲು ಹೋಯಿತು. ಅರ್ಧದಲ್ಲಿ ಕಾಲು ತೆಗೆದರೆ ಇರುವುದರಲ್ಲಿ ಅರ್ಧವೇ ಹೋಯಿತು. ಮೊದಲ ಮೂರು ಮೆಟ್ಟಿಲು ಸಲೀಸಾಗಿ ಇಳಿದವರು "ಇಷ್ಟೇನಾ" ಅಂತ ಉಳಿದದ್ದನ್ನು ಒಟ್ಟಿಗೆ ಬಿಟ್ಟುಬಿಡುತ್ತಾರೆ. ನನ್ನಲ್ಲಿ ಕೆಟ್ಟುಹೋದ ಪ್ರಕರಣಗಳಲ್ಲಿ ಜಾಸ್ತಿ ಹೀಗೇ ಆದವು.

ಕತ್ತರಿಸಲು ಚಾಕು ಬೇಡ. ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಕಣ್ಣು ಚೆನ್ನಾಗಿರುವವರು ವಾರಕ್ಕೊಮ್ಮೆ ಕೂತು ಏಳು ದಿನದ್ದನ್ನು ಕತ್ತರಿಸಿ, ಏಳು ಖಾನೆಯ ಡಬ್ಬಿಯಲ್ಲಿ ಹಾಕಿಡಲಿ. ತುಂಡು ಕೊಂಚ ಹೆಚ್ಚುಕಮ್ಮಿ ಆದರೆ ಚಿಂತೆ ಇಲ್ಲ, ನಾಲ್ಕು ದಿನದಲ್ಲಿ ಸರಿದೂಗುತ್ತದೆ. ಕಾಲು ಅನ್ನುವುದು ಪುಡಿಯೇ ಆಗುತ್ತಿದ್ದರೆ, ಅರ್ಧ ಮಾತ್ರೆಯಲ್ಲೇ ಇನ್ನಷ್ಟು ವಾರ ನಿಂತು, ಆಮೇಲೆ ವಾರದಲ್ಲಿ ಒಂದು ರಾತ್ರಿ, ಎರಡು ರಾತ್ರಿ ಅಂತ ಬಿಡುತ್ತಾ ಬರಬಹುದು. ಇದು ಎರಡನೇ ದಾರಿ ಅಷ್ಟೇ, ಆಲ್ಪ್ರಜೋಲಾಮ್ ಬೇಗ ಇಳಿಯುವ ಔಷಧವಾದ್ದರಿಂದ ಬಿಟ್ಟ ರಾತ್ರಿ ಗೊತ್ತಾಗುತ್ತದೆ. ಹೆಸರಿನ ಕೊನೆಗೆ ಎಸ್‌ಆರ್ ಅಥವಾ ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ಕತ್ತರಿಸಲೇಬಾರದು. ಅದನ್ನು ವೈದ್ಯರು ಮೊದಲು ಸಾದಾ ಮಾತ್ರೆಗೆ ಬದಲಿಸಬೇಕು.

ಕ್ಲೋನಜೆಪಾಮ್ ಆದರೂ ಮೆಟ್ಟಿಲು ಇವೇ. 0.25ರದ್ದು ಅದರಲ್ಲೂ ಸಿಗುತ್ತದೆ. ಆದರೆ ಅದು ದೇಹದಿಂದ ನಿಧಾನವಾಗಿ ಹೋಗುವುದರಿಂದ, ಇಳಿಸಿದ ಪರಿಣಾಮ ಮೊದಲ ಎರಡು ಮೂರು ದಿನ ಕಾಣುವುದೇ ಇಲ್ಲ. ವಾರದ ಕೊನೆಗೆ ಕಾಣುತ್ತದೆ. "ನಾಲ್ಕು ದಿನ ಆರಾಮಾಗಿದ್ದೆ" ಅಂತ ಮುಂದಿನ ಮೆಟ್ಟಿಲಿಗೆ ಹಾರಬಾರದು. ಬಾಯಲ್ಲಿ ಕರಗುವ ಬಗೆಯದಾದರೆ ಕತ್ತರಿಸಿದ ಕೂಡಲೇ ಪುಡಿ ಆಗುತ್ತದೆ, ಸಾದಾ ಮಾತ್ರೆ ಕೇಳಿ. ಕೆಲವು ದೇಶಗಳಲ್ಲಿ ಎಲ್ಲವನ್ನೂ ಡಯಜೆಪಾಮಿಗೆ ಬದಲಿಸಿ ಇಳಿಸುವ ರೂಢಿ ಇದೆ. ವಯಸ್ಸಾದವರಿಗೆ ನಾನು ಹಾಗೆ ಮಾಡುವುದಿಲ್ಲ. ಡಯಜೆಪಾಮ್ ಅವರ ಮೈಯಲ್ಲಿ ದಿನಗಟ್ಟಲೆ ಕೂರುತ್ತದೆ.

ಕೆಟ್ಟ ರಾತ್ರಿ ಬಂದಾಗ

ಈ ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲೇ. ಸರೋಜಮ್ಮನವರಿಗೆ ಮೊದಲ ನಾಲ್ಕು ಮೆಟ್ಟಿಲು ಏನೂ ಅನ್ನಿಸಲಿಲ್ಲ. ಐದನೆಯದು, ಮುಕ್ಕಾಲು ಮಾತ್ರೆ, ಎರಡನೇ ರಾತ್ರಿಯೇ ಹಿಡಿದುಕೊಂಡಿತು. ನಿದ್ದೆ ಇಲ್ಲ. ಎದೆ ಡವಡವ. ಪಕ್ಕದ ಮನೆಯ ಮಿಕ್ಸಿ ಸದ್ದಿಗೂ ಬೆಚ್ಚಿಬೀಳುವುದು. ಅಂಗೈ ಬೆವರುವುದು. ನಾಲ್ಕನೇ ದಿನ ಸೊಸೆ ಫೋನ್ ಮಾಡಿದರು: "ಡಾಕ್ಟ್ರೇ, ಅತ್ತೆಗೆ ಹಳೇ ಕಾಯಿಲೆ ವಾಪಸ್ ಬಂದಿದೆ. ಇವತ್ತೊಂದಿನ ಪೂರ್ತಿ ಮಾತ್ರೆ ಕೊಟ್ಟುಬಿಡ್ಲಾ?"

"ಮೊದಲು ಹೇಳಿ, ಒಂಬತ್ತು ವರ್ಷದ ಹಿಂದೆ ಅವರಿಗೆ ಅಂಗೈ ಬೆವರ್ತಿತ್ತಾ? ಸದ್ದಿಗೆ ಬೆಚ್ತಿದ್ರಾ?" ಅಂತ ಕೇಳಿದೆ.

ಅತ್ತೆಯನ್ನು ಕೇಳಿ ಬಂದು ಹೇಳಿದರು: "ಇಲ್ವಂತೆ. ಆಗ ಬರೀ ಅಳು, ಊಟ ಸೇರ್ತಿರ್ಲಿಲ್ಲ ಅಂತಾರೆ."

ನೋಡಿ, ವ್ಯತ್ಯಾಸ ಅಲ್ಲೇ ಇದೆ. ಮಾತ್ರೆ ಇಳಿಸಿದ್ದರಿಂದ ಬರುವ ತೊಂದರೆ ಇಳಿಸಿದ ಒಂದೆರಡು ದಿನದಲ್ಲೇ ಶುರುವಾಗುತ್ತದೆ, ಕ್ಲೋನಜೆಪಾಮ್ ಆದರೆ ವಾರದೊಳಗೆ. ಹಿಂದೆಂದೂ ಇಲ್ಲದ ಲಕ್ಷಣ ತರುತ್ತದೆ: ಬೆವರು, ನಡುಕ, ಮೈ ಜುಂ ಅನ್ನುವುದು, ಸದ್ದು ಬೆಳಕು ತಡೆಯಲಾಗದಿರುವುದು, ವಿಚಿತ್ರ ಕನಸು. ಮತ್ತೆ ಇಳಿಸದೆ ಅಲ್ಲೇ ನಿಂತರೆ ಸಾಮಾನ್ಯವಾಗಿ ಎರಡನೇ ವಾರಕ್ಕೆ ತಗ್ಗುತ್ತದೆ. ಹಳೇ ಕಾಯಿಲೆ ಹಾಗಲ್ಲ. ಅದು ಮೆಲ್ಲಗೆ, ವಾರಗಳ ಮೇಲೆ ಬರುತ್ತದೆ, ಹಳೆಯ ಮುಖದಲ್ಲೇ ಬರುತ್ತದೆ, ದಿನ ಕಳೆದಂತೆ ಹೆಚ್ಚುತ್ತದೆ. ಮೊದಲನೆಯದಕ್ಕೆ ಬೇಕಾದ್ದು ಸಮಯ. ಎರಡನೆಯದಕ್ಕೆ ಬೇಕಾದ್ದು ಚಿಕಿತ್ಸೆ, ಆಪ್ತಸಮಾಲೋಚನೆಯೋ ಖಿನ್ನತೆಯ ಔಷಧವೋ. ಈ ಎರಡನ್ನೂ ಒಂದೇ ಅಂದುಕೊಂಡು, "ಮಾತ್ರೆ ಇಲ್ಲದೆ ನನಗೆ ಆಗಲ್ಲ" ಅಂತ ಜನ ಹತ್ತು ವರ್ಷ ನುಂಗುತ್ತಾರೆ. ವೈದ್ಯರೂ ಹಾಗೇ ಅಂದುಕೊಳ್ಳುತ್ತೇವೆ, ನಾನೂ ಅಂದುಕೊಂಡಿದ್ದೆ.

ಪೂರ್ತಿ ಮಾತ್ರೆ ಕೊಡಲಿಲ್ಲ. ಇದ್ದ ಮೆಟ್ಟಿಲಲ್ಲೇ ನಿಂತೆವು. ಒಂಬತ್ತನೇ ದಿನಕ್ಕೆ ಎದೆ ಬಡಿತ ನಿಂತಿತು. ಆದರೂ ಅವಸರ ಮಾಡದೆ ಮೂರು ವಾರದ ಜಾಗದಲ್ಲಿ ಐದು ವಾರ ಕೊಟ್ಟೆ. ಅರ್ಧ ಮಾತ್ರೆಯ ಹೊತ್ತಿಗೆ ಮೊಮ್ಮಗಳ ಮದುವೆ ಬಂತು. ಛತ್ರದಲ್ಲಿ ಮಲಗಿಕೊಂಡು ಇಂಥ ಪ್ರಯೋಗ ಬೇಡ ಅಂತ ಅಲ್ಲೂ ಐದು ವಾರ. ಕಾಲು ಮಾತ್ರೆಯಲ್ಲಿ ಏಳು ವಾರ. ಆ ನಡುವೆ ನಾದಿನಿ ತೀರಿಕೊಂಡ ರಾತ್ರಿ ಪಕ್ಕದ ಮನೆಯವರಿಂದ ಒಂದು ಪೂರ್ತಿ ಮಾತ್ರೆ ಇಸಿದುಕೊಂಡು ನುಂಗಿದ್ದರು. ಅದನ್ನು ಅವರೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮರುದಿನದಿಂದ ಮತ್ತೆ ಕಾಲು, ಮೊದಲಿಂದ ಶುರು ಮಾಡುವ ಅಗತ್ಯ ಬರಲಿಲ್ಲ. 19 ವಾರದ ಪಟ್ಟಿ ಕೊನೆಗೆ 26 ವಾರ ಹಿಡಿಯಿತು.

ನಾನು ಹಿಡಿದುಕೊಂಡಿರುವ ನಿಯಮ ಇಷ್ಟೇ: ಕಷ್ಟವಾದರೆ ನಿಲ್ಲಿ, ಹಿಂದೆ ಹೋಗಬೇಡಿ. ಎರಡು ವಾರ ನಿಂತರೂ ತಡೆಯಲಾಗದಿದ್ದರೆ ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿ, ಅಲ್ಲಿ ಒಂದು ತಿಂಗಳು ಕೂತು, ಮತ್ತೆ ಇಳಿಯಿರಿ.

ಬುದ್ಧಿ ಕಲಸುವುದು, ಇಲ್ಲದ್ದು ಕಾಣುವುದು, ಫಿಟ್ಸ್, ಜ್ವರ ಬಂದ ಹಾಗೆ ಮೈ ಸುಟ್ಟು ನಡುಗುವುದು, ಸಾಯುವ ಮಾತು, ಇವು ಮಾತ್ರ ಕಾಯುವ ವಿಷಯವಲ್ಲ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹೋದ ಕೂಡಲೇ "ನಿದ್ದೆ ಮಾತ್ರೆ ಇಳಿಸ್ತಾ ಇದ್ದೇವೆ" ಅಂತ ಹೇಳಿ, ಪಟ್ಟಿ ತೋರಿಸಿ. ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗಲೂ ಹೇಳಬೇಕು. ಸೊಂಟ ಮುರಿದು ಸೇರಿದವರು ಮೂರನೇ ದಿನ ಬಡಬಡಿಸತೊಡಗಿದರೆ, ಮನೆಯಲ್ಲೇ ಉಳಿದ ನಿದ್ದೆ ಮಾತ್ರೆ ಎಷ್ಟೋ ಸಲ ಕಾರಣವಾಗಿರುತ್ತದೆ.

ನಿದ್ದೆಯ ಲೆಕ್ಕ

ಸರೋಜಮ್ಮ ರಾತ್ರಿ ಎಂಟೂವರೆಗೆ ಮಾತ್ರೆ ನುಂಗಿ ಮಲಗುತ್ತಿದ್ದರು. ಮೂರಕ್ಕೆ ಎಚ್ಚರ. "ನಿದ್ದೆಯೇ ಬರಲ್ಲ" ಅಂತ ದೂರು. ಲೆಕ್ಕ ಹಾಕಿದರೆ ಆರೂವರೆ ಗಂಟೆ ನಿದ್ದೆ ಆಗಿತ್ತು! 72ಕ್ಕೆ ಅದು ಸಾಕು. ಮಧ್ಯಾಹ್ನ ಊಟ ಆದ ಮೇಲೆ ಒಂದೂವರೆ ಗಂಟೆ ಬೇರೆ.

ನಾವು ಮಾಡಿದ್ದು ಎರಡೇ. ಬೆಳಿಗ್ಗೆ ಏಳುವ ಹೊತ್ತು ಐದೂವರೆ ಅಂತ ಗಟ್ಟಿ ಮಾಡಿದೆವು, ರಾತ್ರಿ ನಿದ್ದೆ ಬರಲಿ ಬಿಡಲಿ. ಹಾಸಿಗೆಗೆ ಹೋಗುವುದು ಹತ್ತೂವರೆಯ ಮೇಲೆ, ಅದೂ ಕಣ್ಣು ಎಳೆದಾಗ ಮಾತ್ರ. ಹೋಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಹೊರಗೆ ಕೂರುವುದು. ಅವರು ಹೂಬತ್ತಿ ಹೊಸೆಯುತ್ತಿದ್ದರು. ಕಣ್ಣು ಎಳೆದಾಗ ಮತ್ತೆ ಹಾಸಿಗೆ. ಮೊದಲ ಹತ್ತು ದಿನ ನನ್ನನ್ನು ಬೈದುಕೊಂಡೇ ಮಾಡಿದರು. ಮಾತ್ರೆ ಇಳಿಸುವ ಮೊದಲ ಮೆಟ್ಟಿಲಿನ ಜೊತೆಗೇ ಇದನ್ನು ಶುರು ಮಾಡಬೇಕು, ಕೊನೆಗಲ್ಲ. ಬಿದ್ದು ಅಭ್ಯಾಸ ಇರುವವರಿಗೆ ರಾತ್ರಿ ಎದ್ದು ಓಡಾಡುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಮಲಗುವ ಅವಧಿಯನ್ನು ತೀರ ಕತ್ತರಿಸಬೇಡಿ.

ಬದಲಿ ಮಾತ್ರೆ ಏನಾದರೂ ಕೊಡಿ ಅಂತ ಎಲ್ಲರೂ ಕೇಳುತ್ತಾರೆ. ಜೋಲ್ಪಿಡೆಮ್ ಅನ್ನುವ ಬೇರೆ ನಿದ್ದೆ ಮಾತ್ರೆ ಕೊಟ್ಟರೆ ಬೀಳುವ ಅಪಾಯ ಹಾಗೇ ಉಳಿಯುತ್ತದೆ. ನೆಗಡಿ, ಅಲರ್ಜಿಯ ತೂಕಡಿಕೆ ಮಾತ್ರೆಗಳು ವಯಸ್ಸಾದವರ ಮರೆವು ಹೆಚ್ಚಿಸುತ್ತವೆ, ಮೂತ್ರ ಕಟ್ಟಿಸುತ್ತವೆ. ದೊಡ್ಡ ಮನೋರೋಗಕ್ಕೆ ಕೊಡುವ ಕ್ವೆಟಯಪೀನನ್ನು ಬರೀ ನಿದ್ದೆಗೆಂದು ಕೊಡುವುದೂ ಬೇಡ.

ಎಲ್ಲರೂ ಸೊನ್ನೆಗೆ ಬರುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಅರ್ಧ ಮಾತ್ರೆಗೆ ಬಂದು ನಿಂತವರು ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ಮೂರು ಸಲ ನೋಡಿದೆವು, ಬಿಟ್ಟೆವು. ಎರಡರಿಂದ ಅರ್ಧಕ್ಕೆ ಬಂದರೆ ಮುಕ್ಕಾಲು ಪಾಲು ಹೋದಂತಲ್ಲವೇ. ಈಗ ಬೆಳಿಗ್ಗೆ ಗೋಡೆ ಹಿಡಿಯದೆ ನಡೆಯುತ್ತಾರೆ.

ಕೈಗೆ ಕೊಡುವ ಹಾಳೆ

ಬಾಯಲ್ಲಿ ಹೇಳಿದ್ದು ಮನೆ ಸೇರುವ ಹೊತ್ತಿಗೆ ಅರ್ಧ ಮರೆತಿರುತ್ತದೆ. ಕಾಗದದಲ್ಲಿ ಕೊಟ್ಟರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಕಾರಾ ಟ್ಯಾನೆನ್‌ಬಾಮ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ ಇದೆ, 2014ರಲ್ಲಿ ಪ್ರಕಟವಾದದ್ದು. ಮೆಡಿಕಲ್ ಅಂಗಡಿಗಳ ಮೂಲಕ 65 ದಾಟಿದವರನ್ನು ಹುಡುಕಿ, ಮಾತ್ರೆಯ ಅಪಾಯ ಮತ್ತು ಇಳಿಸುವ ಪಟ್ಟಿ ಇದ್ದ ಪುಸ್ತಿಕೆ ಕೊಟ್ಟರು. ಆರು ತಿಂಗಳಲ್ಲಿ ಪುಸ್ತಿಕೆ ಸಿಕ್ಕ ನೂರು ಜನರಲ್ಲಿ 27 ಮಂದಿ ಮಾತ್ರೆ ಪೂರ್ತಿ ಬಿಟ್ಟರು. ಸಿಗದವರಲ್ಲಿ 5 ಮಂದಿ. ಕೆಳಗಿನದು ನಾನು ಕೊಡುವ ಹಾಳೆ. ದಪ್ಪ ಅಕ್ಷರದಲ್ಲಿ ಬರೆದು ಅಥವಾ ಪ್ರಿಂಟ್ ತೆಗೆದು, ಪಟ್ಟಿಯ ಜೊತೆ ಕ್ಯಾಲೆಂಡರ್ ಪಕ್ಕ ಅಂಟಿಸಿ.

---

ನಿಮ್ಮ ನಿದ್ದೆ ಮಾತ್ರೆ ಕಡಿಮೆ ಮಾಡುವ ಬಗ್ಗೆ

ಮಾತ್ರೆಯ ಹೆಸರು: __________ ಈಗ ರಾತ್ರಿ ಎಷ್ಟು: __________

ಶುರು ಮಾಡಿದ ದಿನ: __________ ಡಾಕ್ಟರ ಫೋನ್: __________

ಯಾಕೆ ಕಡಿಮೆ ಮಾಡುತ್ತಿದ್ದೇವೆ? ಈ ಮಾತ್ರೆ ನಿಮ್ಮ ವಯಸ್ಸಿನಲ್ಲಿ ಮೈಯಿಂದ ಬೇಗ ಹೋಗುವುದಿಲ್ಲ. ಬೀಳುವುದು, ಮರೆವು, ಹಗಲು ಮಂಕು ಇದರಿಂದ ಹೆಚ್ಚಾಗಬಹುದು. ನೀವು ತಪ್ಪು ಮಾಡಿದ್ದೀರಿ ಅಂತಲ್ಲ. ಬರೆದುಕೊಟ್ಟ ಹಾಗೆ ತಗೊಂಡಿದ್ದೀರಿ.

ಹೇಗೆ? ಪಟ್ಟಿಯಲ್ಲಿರುವಷ್ಟೇ, ದಿನವೂ ಒಂದೇ ಹೊತ್ತಿಗೆ ತಗೊಳ್ಳಿ. ಒಂದು ರಾತ್ರಿ ಮರೆತು ಮಲಗಿಬಿಟ್ಟರೆ ಹೋಗಲಿ ಬಿಡಿ. ಮರುದಿನ ಎರಡು ಸೇರಿಸಿ ತಗೊಳ್ಳಬೇಡಿ. ಆರಾಮಾಗಿದ್ದೇನೆ ಅಂತ ಒಮ್ಮೆಲೇ ನಿಲ್ಲಿಸಬೇಡಿ.

ಏನಾಗಬಹುದು? ಮಾತ್ರೆ ಇಳಿಸಿದ ಮೊದಲ ವಾರ ನಿದ್ದೆ ಕಡಿಮೆ ಆಗಬಹುದು. ಸಿಡುಕು, ಬೆವರು, ಸಣ್ಣ ನಡುಕ, ಕನಸು ಬರಬಹುದು. ಸಾಮಾನ್ಯವಾಗಿ ಎರಡು ವಾರದಲ್ಲಿ ಹೋಗುತ್ತದೆ. ಹೋಗುವ ತನಕ ಮುಂದಿನ ಮೆಟ್ಟಿಲಿಗೆ ಇಳಿಯಬೇಡಿ, ನಮಗೆ ಫೋನ್ ಮಾಡಿ.

ಬೇಡವಾದ್ದು: ಮದ್ಯ. ಬೇರೆಯವರ ಮಾತ್ರೆ. ಅಂಗಡಿಯಲ್ಲಿ ಕೇಳಿ ತಂದ ನೆಗಡಿ ಮಾತ್ರೆ. ಮಧ್ಯಾಹ್ನ ಮೂರರ ಮೇಲೆ ಕಾಫಿ, ಟೀ. ಬೇರೆ ಡಾಕ್ಟರು ನೋವಿಗೆ, ಫಂಗಸ್ಸಿಗೆ, ಕೆಮ್ಮಿಗೆ ಹೊಸ ಔಷಧ ಕೊಟ್ಟರೆ ಈ ಹಾಳೆ ತೋರಿಸಿ. ಕೆಲವು ಔಷಧ ಈ ಮಾತ್ರೆಯ ಜೋರು ಹೆಚ್ಚಿಸುತ್ತವೆ.

ಊರಿಗೆ ಹೋಗುವಾಗ: ಮಾತ್ರೆ, ಚೀಟಿ, ಈ ಹಾಳೆ ಮೂರೂ ಬ್ಯಾಗಿನಲ್ಲಿರಲಿ. ಮುಗಿಯಲು ಒಂದು ವಾರ ಇರುವಾಗಲೇ ತರಿಸಿ. ಆಲ್ಪ್ರಜೋಲಾಮ್ ಎಚ್1 ಪಟ್ಟಿಯ ಔಷಧ, ಅಂಗಡಿಯವರು ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಚೀಟಿ ಇಲ್ಲದೆ ಹೊಸ ಊರಿನಲ್ಲಿ ಸಿಗದೇ ಹೋಗಬಹುದು.

ತಕ್ಷಣ ಆಸ್ಪತ್ರೆಗೆ (108): ಫಿಟ್ಸ್. ಮನೆಯವರ ಗುರುತು ಸಿಗದಿರುವುದು. ಇಲ್ಲದ್ದು ಕಾಣುವುದು, ಕೇಳುವುದು. ಬಿದ್ದು ತಲೆಗೆ ಪೆಟ್ಟು.

ಮನಸ್ಸಿಗೆ ತುಂಬಾ ಕಷ್ಟವಾದರೆ: ಟೆಲಿ ಮಾನಸ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನಿಸಿದರೆ ಒಬ್ಬರೇ ಇರಬೇಡಿ, ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಬನ್ನಿ.

ಪೂರ್ತಿ ಬಿಟ್ಟ ಮೇಲೆ: ಎರಡನೇ ವಾರ ಮತ್ತು ಎರಡನೇ ತಿಂಗಳು ಒಮ್ಮೆ ಬಂದು ಹೋಗಿ. ಉಳಿದ ಸ್ಟ್ರಿಪ್ "ಬೇಕಾದೀತು" ಅಂತ ದಿಂಬಿನ ಕೆಳಗೆ, ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಬರುವಾಗ ತಂದು ನನಗೆ ಕೊಡಿ.